ಎರೆ ಹೊಲದಿಂದ ಪೀಣ್ಯದ ಶೆಡ್ಡಿಗೆ

(ಗದಗ ಜಿಲ್ಲೆಯ ಒಂದು ಐಟಿಐಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಪ್ರಿನ್ಸಿಪಾಲರು ಫೋನ್ ಮಾಡಿ, "ಬೆಂಗಳೂರಿನ ಅನುಭವ ಹೇಳ್ರಿ, ನಮ್ಮ ಹುಡುಗ್ರು ಮುಂದಿನ ವರ್ಷ ಅಲ್ಲೇ ಬರ್ತಾರ" ಅಂದರು. ಬೆಂಗಳೂರು ಬಹಳ ದೊಡ್ಡ ಊರು. ನನಗೆ ಗೊತ್ತಿರುವುದು ಅದರ ಒಂದು ಮೂಲೆ ಮಾತ್ರ. ತುಮಕೂರು ರಸ್ತೆಯಲ್ಲಿ ಊರೊಳಗೆ ಹೋಗುವಾಗ ಬಲಕ್ಕೆ ಸಿಗುವ ಪೀಣ್ಯ, ಅದರ ಹಿಂದಿನ ಹೆಗ್ಗನಹಳ್ಳಿ, ರಾಜಗೋಪಾಲನಗರ, ಲಗ್ಗೆರೆ. ಆ ಮೂಲೆಯಲ್ಲಿ ನಾನು ಹೇಗೆ ನೆಲೆ ನಿಂತೆ ಅನ್ನುವುದನ್ನಷ್ಟೇ ಹೇಳುತ್ತೇನೆ. ನಿಮ್ಮಲ್ಲಿ ಬಹಳ ಜನ ಬರುವುದೂ ಅಲ್ಲಿಗೇ.

ನಾನು ಹೋದದ್ದು 2011ರಲ್ಲಿ, ದೀಪಾವಳಿ ಮುಗಿದ ಮೇಲೆ. ಟರ್ನರ್ ಟ್ರೇಡ್‌ನಲ್ಲಿ ಎರಡು ವರ್ಷ ಓದಿ ಮುಗಿಸಿದ್ದೆ. ಆದರೆ ಬೆಂಗಳೂರನ್ನು ಅದಕ್ಕೂ ಮೊದಲೇ ನೋಡಿದ್ದೆ, ಉಳ್ಳಾಗಡ್ಡಿ ಲಾರಿಯ ಮೇಲೆ ಕೂತು. ನಮ್ಮ ಕಡೆಯ ಮುಂಗಾರಿ ಉಳ್ಳಾಗಡ್ಡಿ ಯಶವಂತಪುರದ ಎಪಿಎಂಸಿಗೆ ಹೋಗುತ್ತದೆ, ನಿಮಗೆಲ್ಲ ಗೊತ್ತು. ಊರಿನ ನಾಲ್ಕೈದು ಮನೆಯವರು ಸೇರಿ ಲಾರಿ ಮಾಡುತ್ತಾರೆ, ಮನೆಗೊಬ್ಬರು ಚೀಲದ ಜೊತೆ ಹೋಗುತ್ತಾರೆ. ಬೆಳಗ್ಗೆ ದಲಾಲರ ಅಂಗಡಿ ಮುಂದೆ ಚೀಲ ಇಳಿಸಿ, ಸವಾಲು ಮುಗಿದು, ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದ ಮೇಲೆ ರಾತ್ರಿ ಬಸ್ ಹಿಡಿದು ವಾಪಸ್. ಅಪ್ಪನ ಜೊತೆ ನಾನು ನೋಡಿದ್ದ ಬೆಂಗಳೂರು ಅಷ್ಟೇ. ಆ ಮಾರ್ಕೆಟ್ಟಿನಿಂದ ಪೀಣ್ಯ ಕೆಲವೇ ಕಿಲೋಮೀಟರ್ ದೂರ ಅಂತ ಆಗ ಗೊತ್ತಿರಲಿಲ್ಲ.

ಆ ವರ್ಷದ ಪಟ್ಟಿಯ ದುಡ್ಡಿನಲ್ಲಿ ಅಪ್ಪ ನನಗೆ ಎಂಟು ಸಾವಿರ ಕೊಟ್ಟರು. ಐದು ಸಾವಿರ ರೂಮಿನ ಅಡ್ವಾನ್ಸಿಗೆ, ಉಳಿದದ್ದು ಮೊದಲ ಸಂಬಳ ಬರುವ ತನಕ. ಈ ಲೆಕ್ಕ ಹಾಕಿದ್ದು ಅಪ್ಪ ಅಲ್ಲ, ಪೀಣ್ಯದಲ್ಲಿ ಮೊದಲೇ ಇದ್ದ ನಮ್ಮೂರಿನ ಹಿರಿಯ ಹುಡುಗ. ಅವನನ್ನು ನಾನು ಅಣ್ಣ ಅಂತಲೇ ಕರೆಯುತ್ತೇನೆ, ಇಲ್ಲೂ ಹಾಗೇ ಹೇಳುತ್ತೇನೆ.

ಬಸ್ಸಿನ ವಿಷಯ ಒಂದು ಮಾತು. ನಮ್ಮ ಕಡೆಯ ರಾತ್ರಿ ಬಸ್ಸುಗಳು ತುಮಕೂರು ರಸ್ತೆಯಿಂದಲೇ ಊರೊಳಗೆ ಹೋಗುತ್ತವೆ. ಬೆಳಗಿನ ಜಾವ ಕಂಡಕ್ಟರ್ "ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಯಾರ್‍ರೀ" ಅಂತ ಕೂಗುತ್ತಾರೆ. ಎಚ್ಚರ ಇರಬೇಕು. 2010ರಲ್ಲಿ ಅಲ್ಲಿ ಉದ್ದದ ಮೇಲ್ಸೇತುವೆ ಆಯಿತು. ಡ್ರೈವರ್ ಅದನ್ನು ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಎಲ್ಲ ಕೆಳಗೇ ಉಳಿಯುತ್ತವೆ, ಬಸ್ ಸೀದಾ ಗೊರಗುಂಟೆಪಾಳ್ಯದಲ್ಲಿ ಇಳಿಯುತ್ತದೆ. ಅದಕ್ಕೇ ಅಣ್ಣ ಮೊದಲೇ ಹೇಳಿದ್ದ: "ಟಿಕೆಟ್ ತಗೊಳ್ಳುವಾಗಲೇ ಕೆಳಗಿನ ರಸ್ತೆ ಅಂತ ಹೇಳು." ನಾನು ಇಳಿದಾಗ ರಸ್ತೆ ನಡುವೆ ಮೆಟ್ರೊ ಕಂಬಗಳ ಕೆಲಸ ನಡೆದಿತ್ತು, ಎಲ್ಲ ಕಡೆ ತಗಡು ನಿಲ್ಲಿಸಿದ್ದರು. ನನ್ನ ಕೈಯಲ್ಲಿ ಒಂದು ಟ್ರಂಕು. ಹೆಗಲಿಗೆ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒಣರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಆ ಗಂಟಿನಿಂದಲೇ ನನಗೆ ರೂಮಿನಲ್ಲಿ ಮೊದಲ ದಿನವೇ ಸ್ನೇಹ ಆಯಿತು.

ಈಗ ರೂಮಿನ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಿನಲ್ಲಿ ಮೊದಲು ಸಿಗಬೇಕಾದದ್ದು ಕೆಲಸ ಅಲ್ಲ, ಮಲಗಲು ಜಾಗ. ಜಾಗ ಇದ್ದರೆ ಕೆಲಸ ಹುಡುಕುತ್ತಾ ಹದಿನೈದು ದಿನ ಕಳೆಯಬಹುದು.

ಹೆಗ್ಗನಹಳ್ಳಿಯ ಒಂದು ವಠಾರ. ಎರಡು ಸಾಲು ಮನೆ, ನಡುವೆ ಒಬ್ಬರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ದಾರಿ. ಮೇಲೆ ಸಿಮೆಂಟ್ ಶೀಟು. ಒಂದೇ ಕೋಣೆ, ಮೂಲೆಯಲ್ಲಿ ಒಂದು ಕಡಪ ಕಲ್ಲು, ಅದೇ ಅಡುಗೆ ಮನೆ. ಬಚ್ಚಲು, ಸಂಡಾಸು ವಠಾರಕ್ಕೆಲ್ಲ ಸೇರಿ ಎರಡು. ತಿಂಗಳ ಬಾಡಿಗೆ ಎರಡು ಸಾವಿರ, ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ, ಅಂದರೆ ಇಪ್ಪತ್ತು ಸಾವಿರ. ನಾವು ಇದ್ದದ್ದು ನಾಲ್ಕು ಜನ. ನಾನು, ಅಣ್ಣ, ಯಲಬುರ್ಗಾ ಕಡೆಯ ಒಬ್ಬ, ಬಾದಾಮಿ ಕಡೆಯ ಒಬ್ಬ.

ಹೊಸದಾಗಿ ಬಂದವನು ಓನರಿಗೆ ದುಡ್ಡು ಕೊಡುವುದಿಲ್ಲ. ನನ್ನ ಐದು ಸಾವಿರ ಹೋದದ್ದು ಹೊಸೂರಿನಲ್ಲಿ ಕೆಲಸ ಸಿಕ್ಕಿ ರೂಮು ಬಿಟ್ಟ ಹುಡುಗನಿಗೆ. ಅವನು ತನ್ನ ಪಾಲನ್ನು ನನ್ನಿಂದ ತೆಗೆದುಕೊಂಡು ಹೋದ. ಅವನೂ ಹಿಂದೆ ಇನ್ನೊಬ್ಬನಿಗೆ ಹೀಗೇ ಕೊಟ್ಟಿದ್ದ. ಓನರ್ ಹತ್ತಿರ ಇರುವ ಇಪ್ಪತ್ತು ಸಾವಿರ ಅಲ್ಲೇ ಇರುತ್ತದೆ, ಅಗ್ರಿಮೆಂಟು ಮೊದಲು ರೂಮು ಹಿಡಿದವನ ಹೆಸರಿನಲ್ಲೇ ಇರುತ್ತದೆ. ನಮ್ಮ ರೂಮಿನಲ್ಲಿ ಅದು ಅಣ್ಣನ ಹೆಸರು. ಒಳಗೆ ಜನ ಮಾತ್ರ ಬದಲಾಗುತ್ತಾ ಹೋಗುತ್ತಾರೆ. ನಮ್ಮ ಕಡೆಯ ನೂರಾರು ಹುಡುಗರು ಬೆಂಗಳೂರಿಗೆ ಕಾಲಿಟ್ಟದ್ದು ಹೀಗೇ. ಇಪ್ಪತ್ತು ಸಾವಿರ ಒಬ್ಬನೇ ತರಲು ಆಗುವುದಿಲ್ಲ, ಐದು ಸಾವಿರ ಹೇಗೋ ತರಬಹುದು.

ಇದರಲ್ಲಿ ತೊಂದರೆ ಬರುವುದು ರೂಮು ಪೂರ್ತಿ ಖಾಲಿ ಮಾಡುವಾಗ. ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಅದು ಅಲ್ಲಿನ ರೂಢಿ. ಕರೆಂಟ್ ಬಿಲ್, ನಲ್ಲಿ ಮುರಿದದ್ದು ಏನಾದರೂ ಇದ್ದರೆ ಅದೂ ಸೇರುತ್ತದೆ. ಆಗ ಒಂದು ತಿಂಗಳ ಹಿಂದೆ ಬಂದವನು, "ನಾನು ಪೂರ್ತಿ ಐದು ಸಾವಿರ ಕೊಟ್ಟೀನಿ, ನನಗೆ ಪೂರ್ತಿ ಬರಬೇಕು" ಅನ್ನುತ್ತಾನೆ. ಹಿಂದೆ ಬಿಟ್ಟು ಹೋದವರು ಪೂರ್ತಿ ಐದು ಸಾವಿರ ತೆಗೆದುಕೊಂಡು ಹೋಗಿರುತ್ತಾರೆ. ಪೇಂಟಿಂಗಿನ ಹೊರೆ ಕೊನೆಗೆ ಉಳಿದವರ ತಲೆ ಮೇಲೆ. ಅಣ್ಣನಿಗೆ ಇದು ಗೊತ್ತಿತ್ತು. ಒಂದು ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ: ಯಾರು ಯಾವ ದಿನ ಬಂದರು, ಯಾರಿಗೆ ಎಷ್ಟು ಕೊಟ್ಟರು, ರೂಮು ಬಿಡುವವನು ತಾನು ಇದ್ದಷ್ಟು ತಿಂಗಳಿಗೆ ಎಷ್ಟು ಬಿಟ್ಟು ಹೋಗಬೇಕು. ಇಬ್ಬರ ಸಹಿ. ನಾವು ರೂಮು ಖಾಲಿ ಮಾಡಿದಾಗ ಓನರ್ ಎರಡು ಸಾವಿರ ಹಿಡಿದು ಹದಿನೆಂಟು ಸಾವಿರ ಕೊಟ್ಟರು. ನೋಟ್‌ಬುಕ್ ಇದ್ದದ್ದರಿಂದ ಅರ್ಧ ಗಂಟೆಯಲ್ಲಿ ಲೆಕ್ಕ ಮುಗಿಯಿತು, ಯಾರ ಮನಸ್ಸೂ ಕೆಡಲಿಲ್ಲ. ಪಕ್ಕದ ರೂಮಿನಲ್ಲಿ ಇದೇ ವಿಷಯಕ್ಕೆ ಒಂದೇ ಊರಿನ ಇಬ್ಬರು ಮಾತು ಬಿಟ್ಟರು. ನನಗೆ ಈಗಲೂ ಅದು ನೋವಿನ ವಿಷಯ. ಜಾತ್ರೆಗೆ ಊರಿಗೆ ಬಂದರೂ ಅವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ವಠಾರದಲ್ಲಿ ನೀರಿಗೂ ಒಂದು ಲೆಕ್ಕ. ಬೋರ್‌ವೆಲ್ ನೀರನ್ನು ಓನರ್ ಬೆಳಗ್ಗೆ ಒಂದು ಹೊತ್ತು ಬಿಡುತ್ತಿದ್ದರು. ಗಡಸು ನೀರು, ಬೇಳೆ ಬೇಯುತ್ತಿರಲಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ. ನೈಟ್ ಶಿಫ್ಟ್ ಮುಗಿಸಿ ಬಂದವನು ಮಲಗುವ ಮೊದಲು ಬಿಂದಿಗೆ ತುಂಬಿಸಬೇಕು ಅನ್ನುವುದು ನಮ್ಮ ನಿಯಮ, ಯಾಕೆಂದರೆ ಆ ಹೊತ್ತಿಗೆ ಎದ್ದಿರುವವನು ಅವನೊಬ್ಬನೇ. ಅಡುಗೆಗೆ ಚಿಕ್ಕ ಸಿಲಿಂಡರ್ ಇತ್ತು. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಗ್ಯಾಸ್ ತುಂಬಿಸುತ್ತಿದ್ದರು. ರೊಟ್ಟಿ ತಟ್ಟಲು ಬರುತ್ತಿದ್ದುದು ಯಲಬುರ್ಗಾದವನಿಗೆ ಮಾತ್ರ, ಹಾಗಾಗಿ ಅವನಿಗೆ ಪಾತ್ರೆ ತೊಳೆಯುವ ಕೆಲಸ ಇರಲಿಲ್ಲ. ವಾರವೆಲ್ಲ ಅನ್ನ, ಸಾರು. ಭಾನುವಾರ ಅವನಿಗೆ ಮನಸ್ಸಾದರೆ ರೊಟ್ಟಿ, ಇಲ್ಲವಾದರೆ ರಾಜಗೋಪಾಲನಗರದ ಖಾನಾವಳಿ. ಅಲ್ಲಿ ರೊಟ್ಟಿ ಜೊತೆ ಝುಣಕ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ. ಆ ಉಳ್ಳಾಗಡ್ಡಿ ನಮ್ಮ ಕಡೆಯದೇ ಇರಬೇಕು ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು.

ಕೆಲಸ ಸಿಕ್ಕಿದ್ದು ಗೇಟು ಗೇಟು ತಿರುಗಿ. ಪೀಣ್ಯದಲ್ಲಿ ಶೆಡ್ಡುಗಳ ಗೇಟಿನ ಮೇಲೆ ಬೋರ್ಡು ಹಾಕಿರುತ್ತಾರೆ: "ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ", "ಹೆಲ್ಪರ್ ಬೇಕಾಗಿದ್ದಾರೆ". ಪೀಣ್ಯ ಕೈಗಾರಿಕಾ ಪ್ರದೇಶ ಶುರುವಾದದ್ದು 1970ರ ದಶಕದಲ್ಲಿ. ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಿಂದ ಇತ್ತು, ಬಿಇಎಲ್ ಕೂಡ ಅಲ್ಲೇ. ದೊಡ್ಡ ಕಾರ್ಖಾನೆಗಳಿಗೆ ಬಿಡಿ ಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಅವುಗಳ ಸುತ್ತ ಬೆಳೆದವು. ನಿಮ್ಮ ವರ್ಕ್‌ಶಾಪಿನ ಲೇತ್ ಮೇಲೆ ಎಚ್‌ಎಂಟಿ ಅಂತ ಬರೆದಿದೆ, ನೋಡಿದ್ದೀರಿ ಅಲ್ವಾ? ನಾನು ಕಲಿತದ್ದೂ ಅಂಥದ್ದೇ ಲೇತಿನ ಮೇಲೆ.

ನಾನು ಸೇರಿದ ಶೆಡ್ಡಿನಲ್ಲಿ ಸಿಎನ್‌ಸಿ ಲೇತುಗಳಿದ್ದವು. ಜಾಬ್ ವರ್ಕ್ ಮಾಡುತ್ತಿದ್ದರು. ಅಂದರೆ ಕಬ್ಬಿಣ ಪಾರ್ಟಿಯದು, ನಾವು ಅದನ್ನು ಟರ್ನ್ ಮಾಡಿ ವಾಪಸ್ ಕಳಿಸುವುದು. ಐಟಿಐಯಲ್ಲಿ ನಾನು ಸಿಎನ್‌ಸಿ ಮುಟ್ಟಿರಲಿಲ್ಲ, ಅದಕ್ಕೆ ಹೆಲ್ಪರ್ ಅಂತಲೇ ತಗೊಂಡರು. ಮೊದಲ ತಿಂಗಳುಗಳಲ್ಲಿ ನನ್ನ ಕೆಲಸ ರಾಡ್ ಎತ್ತಿಕೊಡುವುದು, ಕತ್ತರಿಸಿ ಬಿದ್ದ ಕಬ್ಬಿಣದ ಚಿಪ್ಸ್ ಕೊಕ್ಕೆಯಲ್ಲಿ ಎಳೆಯುವುದು, ಕೂಲಂಟ್ ಟ್ಯಾಂಕ್ ತುಂಬುವುದು, ಮುಗಿದ ಜಾಬಿಗೆ ಎಣ್ಣೆ ಹಚ್ಚಿ ಟ್ರೇಗೆ ಜೋಡಿಸುವುದು. ಕೂಲಂಟ್ ಅಂದರೆ ನೀರಿಗೆ ಎಣ್ಣೆ ಬೆರೆಸಿದ್ದು, ಹಾಲಿನ ಬಣ್ಣ. ಅದರ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ. ಬೆರಳಿನ ಸಂದಿಯಲ್ಲಿ ಸಣ್ಣ ಸಣ್ಣ ಚಿಪ್ಸ್ ಹೊಕ್ಕು, ಸಂಜೆ ಸಾರು ಕಲಸುವಾಗ ಉರಿಯುತ್ತಿತ್ತು.

ಮೊದಲ ದಿನವೇ ಸೂಪರ್‌ವೈಸರ್ ನನ್ನ ಕೈ ನೋಡಿದರು. ಸವದತ್ತಿ ಯಲ್ಲಮ್ಮನ ಗುಡ್ಡದಿಂದ ಅವ್ವ ತಂದು ಕಟ್ಟಿದ್ದ ದಾರ ಇತ್ತು. "ದಾರ ಬಿಚ್ಚಪ್ಪ. ಚಕ್ಕಿಗೆ ಸುತ್ತಿಕೊಂಡರೆ ದಾರದ ಜೊತೆ ಕೈನೂ ಹೋಗುತ್ತೆ" ಅಂದರು. ತಿರುಗುವ ಮಷೀನಿನ ಹತ್ತಿರ ಉಂಗುರ, ದಾರ, ಉದ್ದ ತೋಳು, ಬಟ್ಟೆಯ ಗ್ಲೌಸು ಯಾವುದೂ ಇರಬಾರದು. ನಾನು ದಾರ ಬಿಚ್ಚಿ ಪರ್ಸಿನಲ್ಲಿಟ್ಟೆ. ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರ್ಸ್‌ನ್ಯಾಗ ಇದ್ರೂ ತಾಯಿ ಕಾಯ್ತಾಳ ಬಿಡು" ಅಂದಳು.

ನನಗೆ ಮಷೀನ್ ಕಲಿಸಿದವರು ನಮ್ಮ ಶಿಫ್ಟಿನ ಸೆಟ್ಟರ್. ಹಾಸನದ ಕಡೆಯವರು. ಸೆಟ್ಟರ್ ಅಂದರೆ ಹೊಸ ಜಾಬಿಗೆ ಮಷೀನ್ ಹೊಂದಿಸುವವರು. ಟೂಲ್ ಕಟ್ಟಿ, ಪ್ರೋಗ್ರಾಂ ಹಾಕಿ, ಮೊದಲ ಪೀಸ್ ತೆಗೆದು, ಗುಣಮಟ್ಟ ನೋಡುವ ಕ್ಯೂಸಿಯಿಂದ ಓಕೆ ಮಾಡಿಸಿ ಆಪರೇಟರಿಗೆ ಕೊಡುತ್ತಾರೆ. ಆಪರೇಟರ್ ಜಾಬ್ ಹಾಕಿ ಬಟನ್ ಒತ್ತುತ್ತಾನೆ, ಅಳೆಯುತ್ತಾನೆ. ಹೊರಗಿನಿಂದ ನೋಡಿದರೆ ಬಟನ್ ಒತ್ತುವುದೇ ಕೆಲಸ ಅನ್ನಿಸುತ್ತದೆ. ನಿಜವಾದ ಕೆಲಸ ಅಳೆಯುವುದು. ಹೆಲ್ಪರ್ ಆಗಿಯೇ ಉಳಿಯುವುದೋ, ಆಪರೇಟರ್ ಆಗುವುದೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ. ಅದಕ್ಕೇ ಒಂದು ರಾತ್ರಿಯ ವಿಷಯ ವಿವರವಾಗಿ ಹೇಳುತ್ತೇನೆ.

ಇಎನ್-8 ಉಕ್ಕಿನ ಒಂದು ಶಾಫ್ಟ್. ಡ್ರಾಯಿಂಗಿನಲ್ಲಿ ಒಂದು ಕಡೆ ಡಯಾ `25 h7` ಅಂತ ಇತ್ತು. ನೀವು ಟೇಬಲ್‌ನಲ್ಲಿ ನೋಡಿರುತ್ತೀರಿ, ಇದರ ಅರ್ಥ ಮೇಲಿನ ಮಿತಿ 25.000 ಮಿಲಿಮೀಟರ್, ಕೆಳಗಿನ ಮಿತಿ 24.979. ಅಂದರೆ ಆಟ ಇರುವುದು 21 ಮೈಕ್ರಾನ್ ಒಳಗೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಐಟಿಐಯಲ್ಲಿ ನಾವು ಹಿಡಿಯುತ್ತಿದ್ದ ವರ್ನಿಯರ್ ತೋರಿಸುವ ಕನಿಷ್ಠ ಅಳತೆಯೇ 0.02, ಅಂದರೆ 20 ಮೈಕ್ರಾನ್. ಈ ಜಾಬಿಗೆ ಅದು ಉಪಯೋಗಕ್ಕೇ ಬರುವುದಿಲ್ಲ. ಡಿಜಿಟಲ್ ಮೈಕ್ರೋಮೀಟರ್ ಬೇಕು.

ನಮಗಿಂತ ಮುಂಚಿನ ಶಿಫ್ಟಿನಲ್ಲಿ ಕೂಲಂಟ್ ಪೈಪಿನ ಮೂತಿಗೆ ಚಿಪ್ಸ್ ಸಿಕ್ಕಿಕೊಂಡಿತ್ತು. ಕೂಲಂಟ್ ಬರುತ್ತಿತ್ತು, ಆದರೆ ಟೂಲ್ ಕತ್ತರಿಸುವ ಜಾಗಕ್ಕೆ ಬೀಳದೆ ಪಕ್ಕಕ್ಕೆ ಹೋಗುತ್ತಿತ್ತು. ಜಾಬು ಬಿಸಿಯಾಗಿ ಹೊರಬರುತ್ತಿತ್ತು. ಆಪರೇಟರ್ ಪ್ರತಿ ಪೀಸನ್ನೂ ತೆಗೆದ ಕೂಡಲೇ ಅಳೆದು 24.986, 24.985 ಅಂತ ಚೆಕ್ ಶೀಟಿನಲ್ಲಿ ಬರೆದಿದ್ದ. ಎಲ್ಲವೂ ಮಿತಿಯೊಳಗೇ. ಅವನು ಅಳೆಯುವುದರಲ್ಲಿ ಏನೂ ಬಿಟ್ಟಿರಲಿಲ್ಲ. ಬೆಳಗ್ಗೆ ಕ್ಯೂಸಿಯವರು ಅದೇ ಟ್ರೇ ಅಳೆದರೆ 24.975, 24.974. ಇಡೀ ಟ್ರೇ ರಿಜೆಕ್ಟ್.

ನನಗೆ ಅರ್ಥವಾಗಲಿಲ್ಲ. ಸೆಟ್ಟರಣ್ಣ ಚೆಕ್ ಶೀಟಿನ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಮಾಡಿ ತೋರಿಸಿದರು. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರಿಗೆ ಸುಮಾರು ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತದೆ. ನಮ್ಮ ಡಯಾ 25 ಮಿಲಿಮೀಟರ್, ಮೀಟರಿನ ನಲವತ್ತನೇ ಒಂದು ಭಾಗ. ಜಾಬು ಕೋಣೆಯ ಶಾಖಕ್ಕಿಂತ ನಲವತ್ತು ಡಿಗ್ರಿ ಜಾಸ್ತಿ ಬಿಸಿ ಇದ್ದರೆ, ಹಿಗ್ಗುವುದು ಹತ್ತಿರ ಹತ್ತಿರ ಹನ್ನೊಂದೂವರೆ ಮೈಕ್ರಾನ್. ಆಟ ಇರುವುದೇ 21. ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬಿಸಿಯೇ ನುಂಗಿತು. ರಾತ್ರಿ 24.986 ಇದ್ದದ್ದು ತಣ್ಣಗಾದ ಮೇಲೆ 24.975ರ ಹತ್ತಿರ ಬಂತು. ಶಾಫ್ಟಿನ ಡಯಾ ಒಮ್ಮೆ ಕಡಿಮೆ ಆದರೆ ಮುಗಿಯಿತು. ಜಾಸ್ತಿ ಇದ್ದರೆ ಇನ್ನೊಮ್ಮೆ ಕಟ್ ಕೊಡಬಹುದು, ಕಡಿಮೆ ಆದದ್ದನ್ನು ಸೇರಿಸಲು ಆಗುವುದಿಲ್ಲ. ಕಬ್ಬಿಣ ಪಾರ್ಟಿಯದು, ಹಾಗಾಗಿ ಹಾಳಾದ ಕಬ್ಬಿಣದ ದುಡ್ಡು ಹಿಡಿಯಲು ಅವರಿಂದ ಡೆಬಿಟ್ ನೋಟ್ ಬರುತ್ತದೆ.

"ಬಿಸಿ ಇರುವಾಗ ಬರೋ ಅಳತೆ ಅಳತೆನೇ ಅಲ್ಲ ಕಣೋ" ಅಂದರು ಅವರು. ಆಮೇಲೆ ಕೆಲಸ ಹೇಗೆ ಮಾಡಬೇಕು ಅಂತ ತೋರಿಸಿದರು. ಜಾಬ್ ತೆಗೆದು ಕೈಯಲ್ಲಿ ಹಿಡಿದು ನೋಡು. ಕೈಗೆ ಬಿಸಿ ತಾಗಿದರೆ ಅಳೆಯಬೇಡ, ಮೊದಲು ಕೂಲಂಟ್ ಎಲ್ಲಿ ಬೀಳುತ್ತಿದೆ ನೋಡು. ಜಾಬನ್ನು ಕೂಲಂಟಿನಲ್ಲಿ ಅದ್ದಿ, ಒರೆಸಿ, ಸರ್ಫೇಸ್ ಪ್ಲೇಟ್ ಮೇಲೆ ಬಿಡು, ಆಮೇಲೆ ಅಳೆ. ಮೈಕ್ರೋಮೀಟರನ್ನೂ ಕೈಯಲ್ಲಿ ಸುಮ್ನೆ ಹಿಡಿದುಕೊಂಡು ಕೂರಬೇಡ, ಅದಕ್ಕೂ ಮೈಬಿಸಿ ತಾಗುತ್ತದೆ. ಶಿಫ್ಟಿನ ಶುರುವಿನಲ್ಲಿ ಸ್ಟ್ಯಾಂಡರ್ಡ್ ಇಟ್ಟು ಅದರ ಸೊನ್ನೆ ನೋಡಿಕೋ. ಕೊನೆಗೆ, ಡಯಾ ಯಾವಾಗಲೂ ಮಿತಿಯ ನಡುವೆ ಹಿಡಿ, ಈ ಜಾಬಿಗೆ 24.990.

ನಡುವೆ ಹಿಡಿಯುವುದು ಅಂದರೆ ಆಫ್‌ಸೆಟ್ ಕೊಡುವುದು. ಇದನ್ನು ನಿಮಗೆ ಹೇಳಲೇಬೇಕು. ಕತ್ತರಿಸುತ್ತಾ ಹೋದಂತೆ ಇನ್ಸರ್ಟಿನ ತುದಿ ಸವೆಯುತ್ತದೆ, ಆಗ ಹೊರ ಡಯಾ ನಿಧಾನವಾಗಿ ದೊಡ್ಡದಾಗುತ್ತದೆ. 24.990 ಇದ್ದದ್ದು 24.994, 24.997 ಆಗುತ್ತಾ ಬರುತ್ತದೆ. ಆಪರೇಟರ್ ಸ್ಕ್ರೀನಿನಲ್ಲಿ ಸವೆತದ ಲೆಕ್ಕ ಇರುವ ವೇರ್ ಪೇಜಿಗೆ ಹೋಗಿ ಆ ಟೂಲಿನ X ಬೆಲೆಯನ್ನು ಅಷ್ಟು ಮೈಕ್ರಾನ್ ಕೆಳಗೆ ತರಬೇಕು. ನಮ್ಮ ಮಷೀನುಗಳಲ್ಲಿ ಫಾನಕ್ ಕಂಟ್ರೋಲ್ ಇತ್ತು. ಅದರ ಸ್ಕ್ರೀನಿನ ಕೆಳಗೆ ಎರಡು ಕೀ ಪಕ್ಕಪಕ್ಕದಲ್ಲಿ ಇರುತ್ತವೆ: `INPUT` ಮತ್ತು `+INPUT`. ಉದಾಹರಣೆಗೆ ಅಲ್ಲಿ ಮೊದಲೇ `-0.060` ಇದೆ ಅನ್ನಿ. ಇನ್ನೂ ಏಳು ಮೈಕ್ರಾನ್ ಇಳಿಸಬೇಕು. `-0.007` ಟೈಪ್ ಮಾಡಿ `+INPUT` ಒತ್ತಿದರೆ ಅದು ಕೂಡಿಕೊಂಡು `-0.067` ಆಗುತ್ತದೆ. ಅದೇ `INPUT` ಒತ್ತಿದರೆ ಹಳೆಯದು ಅಳಿಸಿ ಬರೀ `-0.007` ಉಳಿಯುತ್ತದೆ. ಮುಂದಿನ ಪೀಸು 53 ಮೈಕ್ರಾನ್ ದಪ್ಪ ಬರುತ್ತದೆ. ಅದಕ್ಕೆ ಸೆಟ್ಟರಣ್ಣ ಒಂದು ಅಭ್ಯಾಸ ಮಾಡಿಸಿದರು. ಆಫ್‌ಸೆಟ್ ಕೊಡುವ ಮೊದಲು ಹಳೆಯ ಬೆಲೆ, ಕೊಟ್ಟ ಮೇಲೆ ಹೊಸ ಬೆಲೆ, ಎರಡನ್ನೂ ಚೆಕ್ ಶೀಟಿನ ಅಂಚಿನಲ್ಲಿ ಬರೆಯಬೇಕು. ಬರೆಯಲು ಹೋದಾಗ ಕಣ್ಣು ಸ್ಕ್ರೀನ್ ಮೇಲೆ ಬಿದ್ದೇ ಬೀಳುತ್ತದೆ. ಆ ಅಂಚಿನ ಬರಹ ನೋಡಿಯೇ ಸೂಪರ್‌ವೈಸರ್ ನನಗೆ ಮಷೀನ್ ಕೊಟ್ಟರು. ಮುಂದಿನ ಸಂಬಳದಲ್ಲಿ ಚೀಟಿಯ ಮೇಲೆ ಹೆಲ್ಪರ್ ಹೋಗಿ ಆಪರೇಟರ್ ಅಂತ ಬಂತು.

ಸಂಬಳದ ಚೀಟಿ ಅಂದೆ. ಅದರ ಬಗ್ಗೆ ಒಂದು ಕಹಿ ವಿಷಯ ಇದೆ. ನಾನು ಆಮೇಲೆ ಸೇರಿದ ಇನ್ನೊಂದು ಕಡೆ ಕಾಂಟ್ರಾಕ್ಟರ್ ಮೂಲಕ ಕೆಲಸ. ಚೀಟಿಯಲ್ಲಿ ಪಿಎಫ್ ಅಂತ ಪ್ರತಿ ತಿಂಗಳು ಕಡಿತ ತೋರಿಸುತ್ತಿದ್ದರು. ಆದರೆ ಕೆಲವು ತಿಂಗಳ ದುಡ್ಡು ಪಿಎಫ್ ಆಫೀಸಿಗೆ ಹೋಗಿಯೇ ಇರಲಿಲ್ಲ. ಗೊತ್ತಾದದ್ದು ಹೇಗೆ ಅಂದರೆ, 2014ರಲ್ಲಿ ಯುಎಎನ್ ನಂಬರ್ ಬಂತು, ಎಷ್ಟು ಕಂಪನಿ ಬದಲಾಯಿಸಿದರೂ ಒಬ್ಬರಿಗೆ ಅದೇ ಒಂದು ನಂಬರ್. ಅದಕ್ಕೂ ಮುಂಚೆ ಒಂದೊಂದು ಕಂಪನಿಯಲ್ಲಿ ಒಂದೊಂದು ಪಿಎಫ್ ನಂಬರು, ಶೆಡ್ಡು ಬಿಟ್ಟರೆ ಹಳೆಯ ಖಾತೆ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಯುಎಎನ್ ಬಂದ ಮೇಲೆ ಪಾಸ್‌ಬುಕ್ ನಾವೇ ತೆರೆದು ನೋಡಬಹುದಾಯಿತು.

ಲೆಕ್ಕ ಹೀಗೆ. ನಿಮ್ಮ ಬೇಸಿಕ್ ಎಂಟು ಸಾವಿರ ಅನ್ನಿ. ಶೇಕಡಾ 12 ನಿಮ್ಮ ಸಂಬಳದಿಂದ ಹೋಗುತ್ತದೆ, 960 ರೂಪಾಯಿ. ಅಷ್ಟೇ ದುಡ್ಡನ್ನು ಮಾಲೀಕರೂ ಹಾಕಬೇಕು. ಆದರೆ ಮಾಲೀಕರ ಪಾಲು ಎರಡಾಗಿ ಒಡೆಯುತ್ತದೆ. ಶೇಕಡಾ 8.33, ಅಂದರೆ ಸುಮಾರು 666 ರೂಪಾಯಿ ಪೆನ್ಷನ್ನಿಗೆ, ಉಳಿದ 294 ನಿಮ್ಮ ಪಿಎಫ್‌ಗೆ. ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳಿಗೆ ಒಂದು ಸಾಲು, ಅದರಲ್ಲಿ ಈ ಮೂರು ಅಂಕಿ ಬೇರೆ ಬೇರೆ ಕಾಣಬೇಕು. ಯಾವುದಾದರೂ ತಿಂಗಳ ಸಾಲೇ ಇಲ್ಲ ಅಂದರೆ ಆ ತಿಂಗಳ ದುಡ್ಡು ಕಟ್ಟಿಲ್ಲ. ನಾನು ಹಾಗೇ ಕಂಡುಹಿಡಿದೆ. ಸಂಬಳದ ಚೀಟಿಗಳನ್ನು ಎಸೆಯದೆ ಟ್ರಂಕಿನಲ್ಲಿ ಇಟ್ಟಿದ್ದರಿಂದ ಪಿಎಫ್ ಆಫೀಸಿಗೆ ದೂರು ಕೊಡಲು ಆಧಾರ ಇತ್ತು. ದುಡ್ಡು ತಡವಾಗಿ ಬಂತು. ನನ್ನ ಜೊತೆಗಿದ್ದ ಕೆಲವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ, ಅವರು ದೂರು ಕೊಡುವುದನ್ನೇ ಬಿಟ್ಟರು. ದುಡಿದ ದುಡ್ಡು ಅದು, ಕಾಗದ ಇಲ್ಲ ಅಂತ ಬಿಟ್ಟುಕೊಡುವುದು ನೋಡಿ ನನಗೆ ಸಿಟ್ಟು ಬಂದಿತ್ತು.

ಇನ್ನೊಂದು ವಿಷಯ ಇಲ್ಲೇ ಸೇರಿಸುತ್ತೇನೆ. ನಮ್ಮ ಹುಡುಗರು ಐನೂರು ರೂಪಾಯಿ ಜಾಸ್ತಿ ಕೊಟ್ಟರೆ ಶೆಡ್ಡು ಬದಲಾಯಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಬದಲಾಯಿಸಿದಾಗಲೆಲ್ಲ ಪಿಎಫ್ ಜೊತೆ ಪೆನ್ಷನ್ನಿನ ದುಡ್ಡನ್ನೂ ತೆಗೆಸಿ ಹೊಸ ಫೋನು ಕೊಳ್ಳುತ್ತಾರೆ. ಪೆನ್ಷನ್ ಸಿಗಬೇಕಾದರೆ ಹತ್ತು ವರ್ಷದ ಸರ್ವಿಸ್ ಬೇಕು. ನಾಲ್ಕು ಶೆಡ್ಡಿನಲ್ಲಿ ಮೂರು ಮೂರು ವರ್ಷ ದುಡಿದು, ಪ್ರತಿ ಸಲ ಟ್ರಾನ್ಸ್‌ಫರ್ ಮಾಡಿಸಿದವನಿಗೆ ಹನ್ನೆರಡು ವರ್ಷ ಆಗುತ್ತದೆ. ಪ್ರತಿ ಸಲ ತೆಗೆಸಿದವನಿಗೆ ಲೆಕ್ಕ ಪ್ರತಿ ಸಲ ಸೊನ್ನೆಯಿಂದ ಶುರು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಫಿಟ್ಟರ್ ಟ್ರೇಡಿನ ಒಬ್ಬಳು ಕೇಳಿದಳು: "ಸರ್, ಹುಡುಗೀರಿಗೆ ಶೆಡ್ಡಿನ್ಯಾಗ ಕೆಲಸ ಕೊಡ್ತಾರೇನ್ರೀ?" ಕೊಡುತ್ತಾರೆ. ಪೀಣ್ಯದಲ್ಲಿ ಹೆಣ್ಣುಮಕ್ಕಳು ಜಾಸ್ತಿ ಇರುವುದು ಗಾರ್ಮೆಂಟ್ಸಿನಲ್ಲಿ. ಮಷೀನ್ ಶಾಪಿನಲ್ಲಿ ಕ್ಯೂಸಿ, ಅಸೆಂಬ್ಲಿ ವಿಭಾಗಗಳಲ್ಲಿ ಇದ್ದಾರೆ, ಸಿಎನ್‌ಸಿ ಮೇಲೂ ಕೆಲವರನ್ನು ನೋಡಿದ್ದೇನೆ. ಕಷ್ಟ ಇರುವುದು ರೂಮಿನ ವಿಷಯದಲ್ಲಿ. ನಾನು ಹೇಳಿದ ಐದು ಸಾವಿರದ ಏರ್ಪಾಡು ಹುಡುಗರದು, ಹುಡುಗಿಯರಿಗೆ ಅಂಥ ರೂಮುಗಳು ಕಡಿಮೆ. ಹಾಗಾಗಿ ಒಬ್ಬಳೇ ಬರುವ ಬದಲು ಒಂದೇ ಬ್ಯಾಚಿನ ಮೂರು ನಾಲ್ಕು ಜನ ಸೇರಿ ಬನ್ನಿ. ಯಾರ ಹೆಸರಿನಲ್ಲಿ ಅಗ್ರಿಮೆಂಟು, ಯಾರದು ಎಷ್ಟು ಪಾಲು ಅನ್ನುವುದನ್ನು ಮೊದಲ ದಿನವೇ ಬರೆದಿಡಿ.

ಹಿಂದಿನ ಬೆಂಚಿನ ಹುಡುಗ ಕೇಳಿದ: "ಎಷ್ಟು ರೊಕ್ಕ ತರಬೇಕ್ರೀ?" ನಾನು ಬಂದ ಕಾಲದ ಎಂಟು ಸಾವಿರ ಈಗ ಸಾಲುವುದಿಲ್ಲ, ಬಾಡಿಗೆ ಆಗಿನಂತಿಲ್ಲ. ಆದರೆ ಲೆಕ್ಕ ಮಾಡುವ ರೀತಿ ಅದೇ. ಸಂಬಳ ಕೊಡುವುದು ಮುಂದಿನ ತಿಂಗಳ ಏಳನೇ ತಾರೀಖಿಗೋ ಹತ್ತನೇ ತಾರೀಖಿಗೋ. ಒಂದನೇ ತಾರೀಖು ಕೆಲಸಕ್ಕೆ ಸೇರಿದರೆ ದುಡ್ಡು ಕೈಗೆ ಬರಲು ನಲವತ್ತು ದಿನ. ಕೆಲಸ ಹುಡುಕಲು ಹದಿನೈದು ದಿನ ಬೇಕು ಅಂತ ಹಿಡಿಯಿರಿ. ಅಲ್ಲಿಗೆ ಐವತ್ತೈದು ದಿನದ ಊಟ, ಎರಡು ತಿಂಗಳ ಬಾಡಿಗೆಯಲ್ಲಿ ನಿಮ್ಮ ಪಾಲು, ಅಡ್ವಾನ್ಸಿನಲ್ಲಿ ನಿಮ್ಮ ಪಾಲು. ಅಲ್ಲಿರುವ ನಿಮ್ಮೂರಿನವರಿಗೆ ಈಗಲೇ ಫೋನ್ ಮಾಡಿ ಆ ರೂಮಿನ ಬಾಡಿಗೆ ಎಷ್ಟು, ಯಾರಾದರೂ ಬಿಡುವವರು ಇದ್ದಾರಾ ಅಂತ ಕೇಳಿ, ಬರೆದುಕೊಂಡು ಕೂಡಿಸಿ. ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರ ಜೆರಾಕ್ಸ್ ಹತ್ತು ಹತ್ತು ಸೆಟ್ ಇಲ್ಲೇ ಮಾಡಿಸಿಕೊಳ್ಳಿ. ಗೇಟಿನಲ್ಲಿ ಕೇಳಿದಾಗ ಕೈಯಲ್ಲಿ ಇದ್ದರೆ ಅದೇ ದಿನ ಒಳಗೆ ಕರೆಯುತ್ತಾರೆ, ನಾಳೆ ತರುತ್ತೇನೆ ಅಂದರೆ ನಾಳೆಗೆ ಆ ಬೋರ್ಡು ಇರುವುದಿಲ್ಲ.